ಇಬ್ಬರೂ ಹಸಿರು ಅಂದರು

ಪೆದ್ದಣ್ಣ ಸಾಯಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಯಾಕೆಂದರೆ ಆ ಮಧ್ಯಾಹ್ನದಿಂದ ತಿಪ್ಪೇಶನ ತಲೆಯೊಳಗೆ ಅವನು ಹೊತ್ತಿಗೊಂದು ಸಲ ಸಾಯುತ್ತಲೇ ಇದ್ದ. ಊಟಕ್ಕೆ ಕೂತರೆ ಸಾಯುತ್ತಿದ್ದ, ಬೈಕಿನ ಕಿಕ್ ಒದ್ದರೆ ಸಾಯುತ್ತಿದ್ದ. ನಿಜವಾದ ಪೆದ್ದಣ್ಣ ಮಾತ್ರ ಬಲಸಮುದ್ರದ ಟೀ ಅಂಗಡಿಯಲ್ಲಿ ಕೂತು, ಬನ್ನು ಅದ್ದಿ ತಿನ್ನುತ್ತ, ಏನೂ ಆಗಿಲ್ಲದವನ ಹಾಗೆ ಲೋಕದ ಸುದ್ದಿ ಮಾತಾಡುತ್ತಿದ್ದ.

ತಿಪ್ಪೇಶ ಊರಾಚೆಯ ಸೋಲಾರ್ ಪ್ಲಾಂಟಿನ ಕಂಟ್ರೋಲ್ ರೂಮಿನಲ್ಲಿ ಆಪರೇಟರು. ಎಸಿ ಕೋಣೆ, ತಿರುಗುವ ಕುರ್ಚಿ, ಎದುರಿಗೆ ದೊಡ್ಡ ಸ್ಕ್ರೀನು. ಪಾವಗಡದ ಬಿಸಿಲಿನಲ್ಲಿ ಇಂಥ ಕೆಲಸ ಸಿಗುವುದು ಪುಣ್ಯ ಎಂದು ಊರೆಲ್ಲ ಹೇಳುತ್ತಿತ್ತು. ಪೆದ್ದಣ್ಣ ಅವನ ಸೋದರಮಾವ, ತಾಯಿಯ ಒಡಹುಟ್ಟಿದ ತಮ್ಮ. ಅದೇ ಪ್ಲಾಂಟಿನಲ್ಲಿ ಹೊರಗಡೆ, ಬಿಸಿಲಲ್ಲಿ, ಕೇಬಲ್ಲು, ಸ್ವಿಚ್ ಬಾಕ್ಸು ರಿಪೇರಿ ಮಾಡುವವನು. ಅಕ್ಕನ ಮಗನಿಗೆ ಈ ಕೆಲಸ ಕೊಡಿಸಿದ್ದೂ ಅವನೇ.

ಒಳಗಿನವನಿಗೂ ಹೊರಗಿನವನಿಗೂ ಮಧ್ಯೆ ಒಂದು ಕಟ್ಟಳೆ ಇತ್ತು. ಬಾಕ್ಸಿಗೆ ಕೈ ಹಾಕುವ ಮುಂಚೆ ಅದರ ಸ್ವಿಚ್ಚು ಆಫ್ ಆಗಿರಬೇಕು. ಆಫ್ ಆಯಿತೋ ಇಲ್ಲವೋ ಎಂದು ಒಳಗಿನವನು ಸ್ಕ್ರೀನಿನಲ್ಲಿ ನೋಡಬೇಕು, ಹೊರಗಿನವನು ಅದೇ ಚಿತ್ರವನ್ನು ತನ್ನ ಮೊಬೈಲಿನಲ್ಲಿ ನೋಡಬೇಕು, ಆಮೇಲೆ ಇಬ್ಬರೂ ಫೋನಿನಲ್ಲಿ ಬಣ್ಣದ ಹೆಸರು ಹೇಳಬೇಕು. ಕೆಂಪು ಅಂದರೆ ಕರೆಂಟು ಇದೆ. ಹಸಿರು ಅಂದರೆ ಇಲ್ಲ. ಇಬ್ಬರ ಬಾಯಲ್ಲೂ ಹಸಿರು ಬಂದರೆ ಮಾತ್ರ ಕೆಲಸ. ಪ್ಲಾಂಟಿನ ಹುಡುಗರು ಇದಕ್ಕೆ ‘ಎರಡು ಬಾಯಿ ರೂಲು’ ಎನ್ನುತ್ತಿದ್ದರು.

ಆ ಮಧ್ಯಾಹ್ನ ತಿಪ್ಪೇಶ ಹದಿನೇಳನೇ ಬಾಕ್ಸನ್ನು ಆಫ್ ಮಾಡಲು ಬಟನ್ ಒತ್ತಿ, ಸ್ಕ್ರೀನಿಗೆ ಮುಖ ಹತ್ತಿರ ಮಾಡಿ, “ಮಾವ, ಹದಿನೇಳು ಹಸಿರು” ಅಂದ.

“ಹಸಿರೇ ಕಣ್ಲಾ, ನಂಗೂ ಅಂಗೇ ತೋರಿಸ್ತೈತೆ” ಅಂದ ಪೆದ್ದಣ್ಣ.

ಬಾಗಿಲು ತೆರೆದು, ಅಭ್ಯಾಸದಂತೆ, ಕರೆಂಟಿದ್ದರೆ ಕೂಗುವ ಟೆಸ್ಟರ್ ಕೋಲನ್ನು ಚಾಚಿದ. ಕೋಲು ಕಿರ್ರೆಂದು ಕಿರುಚಿಕೊಂಡಿತು. ಮೂವತ್ತಮೂರು ಸಾವಿರ ವೋಲ್ಟು ಒಳಗೆ ಆರಾಮಾಗಿ ಕೂತಿತ್ತು. ಕೋಲಿನ ಬದಲು ಕೈ ಚಾಚಿದ್ದರೆ ಮಾತಾಡಲು ಪೆದ್ದಣ್ಣ ಉಳಿಯುತ್ತಿರಲಿಲ್ಲ.

ಮ್ಯಾನೇಜರ್ ಗೌರೀಶ್ ಮಧುಗಿರಿ ಕಡೆಯವರು, ಸಣ್ಣದಕ್ಕೂ ಬೆವರುವ ಮನುಷ್ಯ. ಅವರು ನೇರವಾಗಿ ಒಂದು ತೀರ್ಮಾನಕ್ಕೆ ಬಂದರು. ಒಬ್ಬ ತಪ್ಪು ನೋಡಬಹುದು, ಬೇರೆ ಬೇರೆ ಕಡೆ ನಿಂತ ಇಬ್ಬರು ಒಟ್ಟಿಗೆ ತಪ್ಪು ನೋಡುವುದು ಹೇಗೆ? ಹಾಗಾದರೆ ಸ್ಕ್ರೀನೇ ಸುಳ್ಳು ಹೇಳಿದೆ. ಸ್ಕ್ರೀನು ಹೊಸದು, ಹಾಕಿ ಇನ್ನೂ ತಿಂಗಳಾಗಿರಲಿಲ್ಲ. ಅದನ್ನು ಮಾಡಿದ ಹುಡುಗಿಯನ್ನು ಕರೆಸಿ ಎಂದರು.

ತಿಪ್ಪೇಶನಿಗೆ ಮಾತ್ರ ಗೊತ್ತಿತ್ತು, ಸ್ಕ್ರೀನು ಸುಳ್ಳು ಹೇಳಿರಲಾರದು. ಅವನಿಗೆ ಕೆಂಪು, ಹಸಿರು ಬೇರೆಬೇರೆಯಾಗಿ ಕಾಣುತ್ತಲೇ ಇರಲಿಲ್ಲ.

ಇದು ಹೆಂಡತಿ ರಾಧಾಮಣಿಗೆ ಬಿಟ್ಟರೆ ಇನ್ನೊಂದು ಪಿಳ್ಳೆಗೂ ಗೊತ್ತಿರಲಿಲ್ಲ. ಸಂತೆಯಲ್ಲಿ ಹಣ್ಣಾದ ಟೊಮೆಟೊ ಯಾವುದು, ಕಾಯಿ ಯಾವುದು ಎಂದು ಅವನು ಹಿಸುಕಿ ನೋಡುವುದನ್ನು ಕಂಡು ಅವಳೇ ಪತ್ತೆ ಹಚ್ಚಿದ್ದಳು. ಕೆಲಸಕ್ಕೆ ಸೇರುವಾಗ ಕಣ್ಣಿನ ಪರೀಕ್ಷೆ ಅಂತ ಗೋಡೆಯ ಮೇಲಿನ ಅಕ್ಷರ ಓದಿಸಿ ಕಳಿಸಿದ್ದರು, ಬಣ್ಣದ ಮಾತನ್ನೇ ಯಾರೂ ಎತ್ತಿರಲಿಲ್ಲ. ಹಳೆಯ ಸ್ಕ್ರೀನಿನಲ್ಲಿ ತೊಂದರೆಯೂ ಇರಲಿಲ್ಲ. ಒಂದೊಂದು ಬಾಕ್ಸಿಗೂ ಎರಡೆರಡು ದೀಪ, ಎಡಗಡೆ ಕೆಂಪು, ಬಲಗಡೆ ಹಸಿರು. ಯಾವ ಕಡೆಯದು ಉರಿಯುತ್ತಿದೆ ಎಂದು ನೋಡಿದರೆ ಮುಗಿಯಿತು, ಬಣ್ಣದ ಹಂಗೇ ಬೇಡ. ಹೊಸ ಸ್ಕ್ರೀನಿನಲ್ಲಿ ಎರಡು ದೀಪ ಹೋಗಿ ಒಂದೇ ಚೌಕ ಬಂತು. ಅಂದವಾಗಿದೆ ಎಂದು ಎಲ್ಲರೂ ಮೆಚ್ಚಿದರು. ಆ ಚೌಕ ಬಣ್ಣ ಬದಲಿಸುತ್ತಿತ್ತು, ಅಷ್ಟೇ. ತಿಪ್ಪೇಶನಿಗೆ ಎರಡೂ ಒಣಗಿದ ಹುಣಸೆಹಣ್ಣಿನ ಬಣ್ಣ. ಒಂದು ತುಸು ತಿಳಿ, ಇನ್ನೊಂದು ತುಸು ದಟ್ಟ ಎಂದು ಅಂದಾಜಿನ ಮೇಲೆ ದಿನ ದೂಡುತ್ತಿದ್ದ. ಕಿಟಕಿಯಿಂದ ಬಿಸಿಲು ಬಿದ್ದರೆ ಆ ಅಂದಾಜೂ ಮಣ್ಣುಪಾಲು.

ಅವನನ್ನು ಕಾಡುತ್ತಿದ್ದುದು ಮಾವನ ಮಾತು. ಮಾವ ತನ್ನ ಮೊಬೈಲಿನಲ್ಲಿ ಕೆಂಪು ನೋಡಿಯೂ, ಅಕ್ಕನ ಮಗ ಹೇಳಿದ ಮೇಲೆ ಮುಗಿಯಿತು ಎಂದು ‘ಹಸಿರೇ’ ಅಂದುಬಿಟ್ಟ. ನೋಡದೆಯೇ ಅಂದಿದ್ದರೂ ಅಂದಿರಬಹುದು. ಅಷ್ಟು ನಂಬಿಕೆ. ಆ ನಂಬಿಕೆಯೇ ಇವತ್ತಲ್ಲ ನಾಳೆ ಅವನನ್ನು ಸುಟ್ಟು ಕರಕಲು ಮಾಡುತ್ತದೆ ಎಂಬ ಭಯ ತಿಪ್ಪೇಶನಿಗೆ.

“ಹೇಳ್ಬುಡು” ಅಂದಳು ರಾಧಾಮಣಿ. “ಕೆಲ್ಸ ಹೋದ್ರೆ ಹೋಗ್ಲಿ. ಮಾವನ ಹೆಣ ಹೊರೋಕಾಯ್ತದಾ ನಿನ್ ಕೈಲಿ?”

“ಕೆಲ್ಸ ಹೋದ್ರೆ ಏನ್ ತಿನ್ನಾಣ?”

“ಏನೋ ಒಂದು. ತಿನ್ನೋಕಾದ್ರೂ ಗಂಟ್ಲಲ್ಲಿ ಇಳೀಬೇಕಲ್ಲ.”

ಹೇಳುವ ಧೈರ್ಯ ಬರಲಿಲ್ಲ. ಬೆಳಿಗ್ಗೆ ಹೋಗಿ ಅದೇ ಕುರ್ಚಿಯಲ್ಲಿ ಕೂತ.

ಸ್ಕ್ರೀನು ಮಾಡಿದ ಹುಡುಗಿಯ ಹೆಸರು ಸಹನಾ, ಕೊರಟಗೆರೆಯವಳು. ಬಂದವಳ ಮುಖದಲ್ಲಿ ರಕ್ತವಿರಲಿಲ್ಲ. ತನ್ನ ಸ್ಕ್ರೀನಿನಿಂದ ಒಬ್ಬ ಮನುಷ್ಯ ಸಾಯುವುದರಲ್ಲಿದ್ದ ಎಂಬ ಮಾತು ಕೇಳಿ ಅವಳು ದಾರಿಯುದ್ದಕ್ಕೂ ಒಂದು ಗುಟುಕು ನೀರು ಕುಡಿದಿರಲಿಲ್ಲ. ಗೌರೀಶರು ಗದರಿಸುತ್ತಲೇ ಇದ್ದರು, ಅವಳು ಪರೀಕ್ಷೆ ಮಾಡುತ್ತಲೇ ಇದ್ದಳು. ಕೊನೆಗೆ ಆ ಮಧ್ಯಾಹ್ನದ ದಾಖಲೆ ತೆಗೆದು ನೋಡಿ ಅಂದಳು: “ಸರ್, ಆಫ್ ಮಾಡೋಕೆ ಕೊಟ್ಟ ಆರ್ಡರ್ ಬಾಕ್ಸಿಗೆ ತಲುಪಿಲ್ಲ, ಅದು ನಿಜ. ಅದು ಲೈನಿನ ದೋಷ. ಆದ್ರೆ ಸ್ಕ್ರೀನು ಕೊನೇವರೆಗೂ ಕೆಂಪೇ ತೋರಿಸಿದೆ. ಮೊಬೈಲೂ ಕೆಂಪೇ.”

“ಇಬ್ಬರು ಹಸಿರು ಅಂದ್ರಲ್ಲಮ್ಮ. ಇಬ್ಬರೂ ಕುಡಿದಿದ್ರಾ?”

ಸಹನಾ ತಿಪ್ಪೇಶನ ಕುರ್ಚಿಯ ಹಿಂದೆ ಬಂದು ನಿಂತಳು. ಅವಳ ಉಸಿರು ತನ್ನ ಕತ್ತಿಗೆ ತಾಕಿದ ಹಾಗಾಗಿ ತಿಪ್ಪೇಶ ಬೆವೆತ. ಅದೇ ಹೊತ್ತಿಗೆ ಫೋನು ಬಡಿದುಕೊಂಡಿತು. ಮಾವ.

“ತಿಪ್ಪ, ಇಪ್ಪತ್ತೊಂದರ ಹತ್ರ ನಿಂತೀನಿ. ಹೆಂಗೈತೆ ನೋಡು.”

ತಿಪ್ಪೇಶ ನೋಡಿದ. ಕಣ್ಣು ಕಿರಿದು ಮಾಡಿದ, ದೊಡ್ಡದು ಮಾಡಿದ, ತಲೆ ಓರೆ ಮಾಡಿದ. ಚೌಕ ಚೌಕದ ಹಾಗೆಯೇ ಇತ್ತು. ತಿಳಿಯೋ ದಟ್ಟವೋ ಗೊತ್ತಾಗಲಿಲ್ಲ. ಹಸಿರು ಎನ್ನಲು ನಾಲಗೆ ಎದ್ದಿತು, ಮತ್ತೆ ಅಂಗುಳಕ್ಕೆ ಅಂಟಿಕೊಂಡಿತು.

“ಲೇ, ಬಿಸ್ಲು ಕಣ್ಲಾ. ಬೇಗ ಹೇಳು, ನಂದೂ ನೋಡಿವ್ನಿ.”

“ಮಾವ, ಮುಟ್ಬೇಡ. ಬಾಗ್ಲು ತೆಗೀಬೇಡ. ವಾಪಸ್ ಬಂದ್ಬುಡು.”

ಫೋನಿಟ್ಟು ತಿರುಗಿ ಕೂತ. ಎಷ್ಟೋ ವರ್ಷ ಬಚ್ಚಿಟ್ಟ ಮಾತು ಎಷ್ಟು ಸಣ್ಣದಾಗಿ ಹೊರಬಂತು ಎಂದರೆ ಅವನಿಗೇ ನಾಚಿಕೆಯಾಯಿತು. “ನಂಗೆ ಗೊತ್ತಾಗಲ್ಲ ಮೇಡಂ. ಎರಡೂ ಒಂದೇ ಥರ ಕಾಣ್ತದೆ. ಯಾವತ್ತೂ ಅಂಗೇ.”

ಗೌರೀಶರು ಕುರ್ಚಿ ಹುಡುಕಿಕೊಂಡು ಕೂತರು. ಬೈಯುತ್ತಾರೆ ಎಂದು ತಿಪ್ಪೇಶ ತಲೆ ತಗ್ಗಿಸಿ ಕಾದ. ಮೊದಲು ಮಾತಾಡಿದವಳು ಸಹನಾ, ಅದೂ ತನ್ನನ್ನೇ ಬೈದುಕೊಂಡಳು. “ಆ ಎರಡು ದೀಪ ಯಾಕೆ, ಜಾಗ ದಂಡ ಅಂತ ತೆಗೆದವಳು ನಾನೇ. ಕೆಂಪು ಹಸಿರು ಯಾರಿಗೆ ಗೊತ್ತಿಲ್ಲ ಅಂದ್ಕೊಂಡೆ. ಗಂಡಸರಲ್ಲಿ ಹೆಚ್ಚುಕಡಿಮೆ ಹನ್ನೆರಡು ಜನಕ್ಕೊಬ್ಬರಿಗೆ ಈ ಬಣ್ಣಗಳು ಸರಿಯಾಗಿ ಕಾಣಲ್ಲ ಸರ್. ಓದಿದ್ದೆ. ಓದಿ ಮರೆತಿದ್ದೆ.”

ಗೌರೀಶರು ಬಹಳ ಹೊತ್ತು ಬೆವರು ಒರೆಸಿಕೊಂಡರು. ಆಮೇಲೆ ಸ್ಕ್ರೀನು ಸರಿಹೋಗುವವರೆಗೆ ಬಣ್ಣ ನೋಡುವ ಕೆಲಸವನ್ನು ತಾವೇ ಮಾಡುವುದಾಗಿ ಹೇಳಿದರು. ತಿಪ್ಪೇಶನ ಕೆಲಸದ ಮಾತು ಎತ್ತಲಿಲ್ಲ. ಎತ್ತದೆ ಇದ್ದುದರಿಂದಲೇ ಅವನಿಗೆ ಹೆಚ್ಚು ದಿಗಿಲಾಯಿತು.

ಸಹನಾ ಅಲ್ಲೇ ಮೇಜು ಹಾಕಿಕೊಂಡು ಕೂತಳು. ಹುಡುಕುತ್ತ ಹೋದಂತೆ ಇನ್ನೂ ಭಯವಾಗುವ ಸಂಗತಿ ಸಿಕ್ಕಿತು. ಬಾಕ್ಸುಗಳ ಪುಟದಲ್ಲಿ ಕೆಂಪು ಅಂದರೆ ಕರೆಂಟು ಇದೆ, ಹಸಿರು ಅಂದರೆ ಇಲ್ಲ. ಲೈನಿನವರ ಹಳೇ ಪದ್ಧತಿ ಅದು. ಆದರೆ ದಿನದ ಉತ್ಪಾದನೆ ತೋರಿಸುವ ಪುಟದಲ್ಲಿ ಹಸಿರು ಅಂದರೆ ಚೆನ್ನಾಗಿ ಓಡುತ್ತಿದೆ, ಕೆಂಪು ಅಂದರೆ ನಿಂತಿದೆ. ಅಂದರೆ ಹಸಿರಿರುವ ಕಡೆ ಕರೆಂಟೂ ಇದೆ. ಒಂದೇ ಬಣ್ಣ, ಒಂದು ಪುಟದಲ್ಲಿ ಮುಟ್ಟಬಹುದು, ಇನ್ನೊಂದು ಪುಟದಲ್ಲಿ ಮುಟ್ಟಿದರೆ ಸಾವು. “ಕಣ್ಣು ನೆಟ್ಟಗಿರೋರೂ ಇಲ್ಲಿ ಸಾಯಬಹುದು ಸರ್” ಎಂದು ಅವಳು ಗೌರೀಶರಿಗೆ ತೋರಿಸಿದಾಗ ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

ಹೊಸ ಬಣ್ಣಗಳನ್ನು ಅವಳು ಆರಿಸಿದ್ದು ತಿಪ್ಪೇಶನನ್ನು ಪಕ್ಕಕ್ಕೆ ಕೂರಿಸಿಕೊಂಡು. ಕರೆಂಟು ಇದ್ದರೆ ಕಿತ್ತಳೆ, ಪೂರ್ತಿ ತುಂಬಿದ ಚೌಕ. ಇಲ್ಲದಿದ್ದರೆ ಕಡುನೀಲಿ ಗೆರೆಯ ಖಾಲಿ ವೃತ್ತ. ತೊಂದರೆಯಾಗಿ ತಾನೇ ಆಫ್ ಆದದ್ದಕ್ಕೆ ಕಪ್ಪು, ಮೇಲೆ ಬಿಳಿ ಅಡ್ಡಗೀಟು. ಬಣ್ಣದ ಜೊತೆಗೆ ಆಕಾರ, ಆಕಾರದ ಜೊತೆಗೆ ಆನ್, ಆಫ್ ಎಂಬ ಅಕ್ಷರ. ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಎಂದಳು. ಕಿತ್ತಳೆ ಎಂದರೆ ಇನ್ನು ಮೇಲೆ ಎಲ್ಲ ಪುಟದಲ್ಲೂ, ಎಲ್ಲರ ಮೊಬೈಲಿನಲ್ಲೂ ಕರೆಂಟು ಇದೆ ಎಂದೇ ಅರ್ಥ, ಬೇರೆ ಯಾವುದಕ್ಕೂ ಆ ಬಣ್ಣ ಬಳಸುವಂತಿಲ್ಲ. ಗೋಡೆಗೆ ಹಾಕಿದ್ದ ಕಂಟ್ರೋಲ್ ಪ್ಯಾನೆಲ್ಲಿನ ಕೆಂಪು ಹಸಿರು ದೀಪ ಬದಲಿಸುವ ಅಧಿಕಾರ ಅವಳಿಗಿರಲಿಲ್ಲ, ಅವುಗಳ ಕೆಳಗೆ ಆನ್ ಆಫ್ ಎಂದು ದಪ್ಪಕ್ಷರದ ಪಟ್ಟಿ ಅಂಟಿಸಿದಳು. ಕೊನೆಗೆ ಇಡೀ ಪುಟವನ್ನು ಆಫೀಸಿನ ಕಪ್ಪು ಬಿಳುಪು ಪ್ರಿಂಟರಿನಲ್ಲಿ ತೆಗೆದಳು. ಬಣ್ಣವೇ ಇಲ್ಲದ ಹಾಳೆಯಲ್ಲೂ ಯಾವುದು ಆನ್, ಯಾವುದು ಆಫ್ ಎಂದು ಎದ್ದು ಕಾಣುತ್ತಿತ್ತು.

ತಿಪ್ಪೇಶ ಬಾಗಿಲಲ್ಲಿ ನಿಂತು, ಅಷ್ಟು ದೂರದಿಂದ ಸ್ಕ್ರೀನು ಓದಿದ. ತಪ್ಪಿಲ್ಲದೆ ಓದಿದ.

ಹಳೆಯ ಪುಟ ತಿಪ್ಪೇಶನ ಕಣ್ಣಿಗೆ ಹೇಗೆ ಕಾಣುತ್ತಿತ್ತು ಎಂದು ಗೌರೀಶರಿಗೆ ಮನದಟ್ಟು ಮಾಡಲು ಸಹನಾ ಇನ್ನೊಂದು ಕೆಲಸ ಮಾಡಿದ್ದಳು. ಎಡಗಡೆ ಹಳೆಯ ಪುಟದ ಅಸಲು ಚಿತ್ರ. ಬಲಗಡೆ ಅದೇ ಚಿತ್ರ, ಬಣ್ಣಗುರುಡಿನ ಕಣ್ಣಿಗೆ ಕಾಣುವಂತೆ ಕಂಪ್ಯೂಟರು ಬದಲಿಸಿದ್ದು. ಈ ತೊಂದರೆಯಲ್ಲೂ ಬಗೆಗಳಿವೆಯಂತೆ. ಮೊದಲು ಒಂದು ಬಗೆ ಹಾಕಿದಾಗ ತಿಪ್ಪೇಶ, “ಬಲಗಡೇದು ಯಾಕೋ ಮಂಕಾಗೈತೆ” ಅಂದ. ಇನ್ನೊಂದು ಬಗೆ ಹಾಕಿದಾಗ, “ಈಗ ಎರಡೂ ಒಂದೇ” ಅಂದ. “ಹಾಗಾದ್ರೆ ಇದೇ ನಿಮ್ಮ ಕಣ್ಣು” ಅಂದಳು ಸಹನಾ. ಗೌರೀಶರು ಬಲಗಡೆಯ ಚಿತ್ರ ನೋಡಿ, “ಶಿವನೇ, ಎಲ್ಲಾ ಒಂದೇ ಕೊಳಕು ಹಳದಿ” ಅಂದು ಬಾಯಿಗೆ ಕೈ ಅಡ್ಡ ಇಟ್ಟರು.

ಆಗ ಪೆದ್ದಣ್ಣ ಒಳಗೆ ಬಂದ, ತಲೆಗೆ ಸುತ್ತಿದ್ದ ಟವೆಲ್ಲು ಬಿಚ್ಚಿ ಮುಖ ಒರೆಸುತ್ತ. ತಿಪ್ಪೇಶನೇ ಕೈಹಿಡಿದು ಕರೆದ. ಮಾವ ನೋಡಲಿ, ಯಾರನ್ನು ಕಣ್ಣು ಮುಚ್ಚಿ ನಂಬಿದ್ದ ಎಂದು ತಿಳಿಯಲಿ, ಇನ್ನು ಮೇಲಾದರೂ ನಂಬದಿರಲಿ ಎಂಬುದು ಅವನ ಆಸೆ.

“ಮಾವ, ಎಡಗಡೆ ಇರೋದು ಎಲ್ಲಾರ್ಗೂ ಕಾಣೋದು. ಬಲಗಡೆ ಇರೋದು ನಂಗೆ ಕಾಣೋದು. ನೋಡು, ಎಂಥಾವನ ಮಾತು ನಂಬಿದ್ದೆ.”

ಪೆದ್ದಣ್ಣ ನೋಡಿದ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಟವೆಲ್ಲು ಹೆಗಲಿಗೆ ಹಾಕಿಕೊಂಡು ಮತ್ತೆ ನೋಡಿದ. ಏನೋ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ನಕ್ಕ.

“ಎರಡೂ ಒಂದೇ ಪಟ ಅಲ್ಲೇನ್ಲಾ?”

ಯಾರೂ ನಗಲಿಲ್ಲ. ಸಹನಾ ನಿಧಾನವಾಗಿ ಕೇಳಿದಳು, “ಪೆದ್ದಣ್ಣಾವ್ರೇ, ಆವತ್ತು ಮೊಬೈಲು ನೋಡಿ ಹಸಿರು ಅಂದ್ರಲ್ಲ?”

“ನೋಡೇ ಅಂದಿದ್ದು ಕಣಮ್ಮ. ಇವ್ನು ಹಸಿರು ಅಂದ. ನಾನೂ ನೋಡ್ದೆ, ಹಸಿರಂಗೇ ಇತ್ತು. ಕೆಂಪು ಅಂದಿದ್ರೆ ಕೆಂಪಂಗೇ ಕಾಣ್ತಿತ್ತೇನೋ.” ಅವನ ನಗು ಅರ್ಧಕ್ಕೆ ನಿಂತಿತು. “ಯಾಕೆ?”

ತಾಯಿಯ ಕಡೆಯಿಂದ ಬರುತ್ತದೆ, ಸೋದರಮಾವನಿಗೂ ಅಳಿಯನಿಗೂ ಒಟ್ಟಿಗೆ ಇರುವುದು ಅಪರೂಪವಲ್ಲ ಎಂದು ಸಹನಾ ಏನೋ ಹೇಳುತ್ತಿದ್ದಳು. ತಿಪ್ಪೇಶನಿಗೆ ಅರ್ಧವೂ ಕೇಳಿಸಲಿಲ್ಲ. ಮಾವ ತನ್ನನ್ನು ನಂಬಿ ಸುಳ್ಳು ಹೇಳಿರಲಿಲ್ಲ. ಎರಡು ಬಾಯಿ ರೂಲಿನ ಎರಡು ಬಾಯಿಯ ಹಿಂದೆ ಒಂದೇ ಕುರುಡು ಇತ್ತು. ಇಷ್ಟು ದಿನ ಹೊಸ ಸ್ಕ್ರೀನಿನ ಮುಂದೆ ಮಾವ ಬದುಕಿದ್ದು ಆ ಟೆಸ್ಟರ್ ಕೋಲಿನಿಂದ, ಅಷ್ಟೇ.

ಗೌರೀಶರು ಎದ್ದು ಬಂದು ಇಬ್ಬರ ಭುಜ ಮುಟ್ಟಿದರು. ಬಣ್ಣದ ಹೆಸರು ಹೇಳುವ ರೂಲನ್ನು ಇವತ್ತೇ ತೆಗೆದುಹಾಕುತ್ತೇನೆ, ಇನ್ನು ಮೇಲೆ ಆಕಾರ ನೋಡಿ ಆನ್ ಆಫ್ ಅನ್ನಿ, ಟೆಸ್ಟರ್ ಇಡದೆ, ಲೈನನ್ನು ಭೂಮಿಗೆ ಜೋಡಿಸಿ ಅರ್ಥಿಂಗ್ ಕಟ್ಟದೆ ಯಾರೂ ಕೈ ಹಾಕಕೂಡದು ಎಂದರು. “ಕೆಲಸದ ಯೋಚನೆ ಬಿಡಿ. ಡಾಕ್ಟರ ಹತ್ರ ಹೋಗಿ ಬರೆಸ್ಕೊಂಡು ಬನ್ನಿ, ನಾನು ಮಾತಾಡ್ತೀನಿ.”

ಒಳ್ಳೆಯ ಮಾತೇ. ಆದರೆ ಪೆದ್ದಣ್ಣ ಕೇಳಿಸಿಕೊಳ್ಳುತ್ತಿರಲಿಲ್ಲ. ಅವನು ತನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ.

“ತಿಪ್ಪ” ಅಂದ. ದನಿ ಬದಲಾಗಿತ್ತು. “ಇಲ್ಲಿ ಕೇಬಲ್ ಮೇಲೆ ಅಕ್ಷರ ಬರ್ದಿರ್ತದೆ, ಓದ್ಕಂಡು ಮಾಡ್ತೀನಿ. ಮನೆ ವೈರ್ ಮೇಲೆ ಬರ್ದಿರಲ್ಲ ಕಣ್ಲಾ.”

“ಯಾವ ಮನೆ ಮಾವ?”

“ನಿನ್ನೆ ನಿಮ್ಮನೆ ಗೀಸರ್‌ಗೆ ಹೊಸಾ ಪ್ಲಗ್ ಹಾಕಿದ್ನಲ್ಲ. ಕೆಂಪು ಕರೆಂಟಿಗೆ, ಹಸಿರು ಭೂಮಿಗೆ. ಅಂದಾಜಲ್ಲೇ ಹಾಕ್ದೆ. ಯಾವಾಗ್ಲೂ ಅಂಗೇ. ಕರೆಂಟ್ ಇರ್ಲಿಲ್ಲ, ಹಾಕಿ ನೋಡ್ಲಿಲ್ಲ.”

ಭೂಮಿಯ ತಂತಿಯ ಜಾಗಕ್ಕೆ ಕರೆಂಟಿನ ತಂತಿ ಹೋದರೆ ಗೀಸರಿನ ಮೈಯೆಲ್ಲ ಕರೆಂಟು, ನಲ್ಲಿಯಲ್ಲಿ ಬೀಳುವ ನೀರೂ ಕರೆಂಟು. ತಿಪ್ಪೇಶ ರಾಧಾಮಣಿಗೆ ಫೋನು ಮಾಡಿದ. ಗಂಟೆ ಬಾರಿಸಿತು, ಎತ್ತಲಿಲ್ಲ. ಮತ್ತೆ ಮಾಡಿದ. ಅವಳು ಸ್ನಾನದ ಮನೆಯಲ್ಲಿದ್ದರೆ ಫೋನು ಎತ್ತುವುದಿಲ್ಲ ಎಂಬುದು ನೆನಪಾಯಿತು. ಇಬ್ಬರೂ ಬೈಕಿಗೆ ಓಡಿದರು. ಸೋಲಾರ್ ಹಾಸುಗಳ ನಡುವಿನ ದಾರಿ ಮುಗಿಯುವುದೇ ಇಲ್ಲ ಅನ್ನಿಸಿತು. ಹಿಂದೆ ಕೂತ ಪೆದ್ದಣ್ಣ ದಾರಿಯುದ್ದಕ್ಕೂ, ಪ್ಲಗ್ಗು ಹಾಕಿಕೊಟ್ಟ ಮನೆಗಳ ಹೆಸರನ್ನು ಒಂದೊಂದಾಗಿ ಹೇಳುತ್ತಿದ್ದ.

ರಾಧಾಮಣಿ ಅಂಗಳದಲ್ಲಿ ಬಟ್ಟೆ ಹರವುತ್ತಿದ್ದಳು. ಅವಳನ್ನು ನಿಂತ ಹಾಗೆ ಕಂಡು ತಿಪ್ಪೇಶನಿಗೆ ಅಳು ಬಂತು.

“ಗೀಸರ್ ಹಾಕಿದ್ಯಾ?”

“ಎಲ್ಲಿ, ಬೆಳಿಗ್ಗೆಯಿಂದ ಕರೆಂಟೇ ಇಲ್ಲ. ಯಾಕ್ ಹಿಂಗ್ ಓಡ್ಬಂದ್ರಿ?”

ಪೆದ್ದಣ್ಣ ಒಳಗೆ ಹೋಗಿ ಪ್ಲಗ್ಗು ಕಿತ್ತು, ಹೊಸ್ತಿಲ ಮೇಲೆ ಬಿಸಿಲಿಗೆ ಕೂತು ಸ್ಕ್ರೂ ಬಿಚ್ಚಿದ. ಒಳಗೆ ಮೂರು ತಂತಿ. ಇಬ್ಬರೂ ತಲೆಗೆ ತಲೆ ತಾಗಿಸಿ ಬಗ್ಗಿ ನೋಡಿದರು. ಕಪ್ಪು ಗೊತ್ತಾಯಿತು. ಮಿಕ್ಕ ಎರಡನ್ನು ಎಷ್ಟು ನೋಡಿದರೂ ಅಷ್ಟೇ. ಮಾವ ಅಳಿಯನ ಮುಖ ನೋಡಿದ, ಅಳಿಯ ಮಾವನ ಮುಖ ನೋಡಿದ.

“ರಾಧಾ, ಇಲ್ ಬಾ” ಅಂದ ತಿಪ್ಪೇಶ. “ಮೇಲ್ಗಡೆ ದಪ್ಪ ಪಿನ್ನಿಗೆ ಯಾವ ಬಣ್ಣ ಹಾಕೈತೆ ನೋಡಿ ಹೇಳು. ಅಲ್ಲಿ ಹಸಿರು ಇರ್ಬೇಕು.”

ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಗ್ಗಿದಳು. ನೋಡಲು ಅವಳಿಗೆ ಒಂದು ಕ್ಷಣ ಸಾಕಾಯಿತು.

“ಕೆಂಪು” ಅಂದಳು.